ಆದ್ಯತಾ ಕುಟುಂಬದ ಪಡಿತರ ಚೀಟಿ: ಮೊದಲ ಸಲ ಅರ್ಜಿ ಹಾಕುವ ಕುಟುಂಬಗಳಿಗೆ

ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನಕ್ಕೆ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರದಿಂದ ಬರುವ ಅರ್ಜಿಗಳಲ್ಲಿ ಪಡಿತರ ಚೀಟಿಯ ಜಾಗ ಖಾಲಿ ಇರುವವು ಕೆಲವು ಇದ್ದೇ ಇರುತ್ತವೆ. ಅವೆಲ್ಲ ಉಳ್ಳವರ ಮನೆಗಳಲ್ಲ. ಮದುವೆಯಾಗಿ ಬೇರೆ ಮನೆ ಮಾಡಿದವರು, ಬೇರೆ ಊರಿನಿಂದ ಬಂದು ಬಾಡಿಗೆಗೆ ಇರುವವರು, ತಂದೆ ತೀರಿಕೊಂಡ ಮೇಲೆ ತವರಿಗೆ ಬಂದ ತಾಯಿ ಮಕ್ಕಳು, ಹೀಗೆ ನಿಜವಾಗಿ ಚೀಟಿ ಸಿಗಬೇಕಾದವರೇ ಹೆಚ್ಚು. ಚೀಟಿ ಇಲ್ಲ ಎಂಬ ಕಾರಣಕ್ಕೆ ನಾವು ಯಾರ ಅರ್ಜಿಯನ್ನೂ ತಳ್ಳುವುದಿಲ್ಲ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಅದಿಲ್ಲದ ನಷ್ಟ ದೊಡ್ಡದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆದ್ಯತಾ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಚೀಟಿ ಇಲ್ಲದ ಮನೆಯವರು ಅದೇ ಚಿಕಿತ್ಸೆಗೆ ಸಾಲ ಮಾಡಿ ನಮ್ಮ ಬಳಿ ಬರುತ್ತಾರೆ. ಜಕಾತ್ ಹಣದಿಂದ ಎಷ್ಟು ಬಿಲ್ಲು ತೀರಿಸಲು ಸಾಧ್ಯ ಎಂಬುದು ದಾನಿಗಳಿಗೆ ಗೊತ್ತಿರುವ ವಿಷಯ.

ಆದ್ದರಿಂದ ಈ ವರ್ಷದ ವರದಿಯಲ್ಲಿ ಸರ್ಕಾರದ ಆದೇಶವನ್ನೇ ಎದುರಿಗಿಟ್ಟುಕೊಂಡು, ಮೊದಲ ಸಲ ಅರ್ಜಿ ಹಾಕುವವರಿಗೆ ಅರ್ಥವಾಗುವಂತೆ ಬರೆದಿದ್ದೇವೆ.

ಮೊದಲು ಹೆಸರುಗಳ ವಿಷಯ. ಜನ ಇಂದಿಗೂ ‘ಬಿಪಿಎಲ್ ಕಾರ್ಡ್’ ಎನ್ನುತ್ತಾರೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಕಾಗದದಲ್ಲಿ ಅದು ‘ಆದ್ಯತಾ ಕುಟುಂಬ’ದ ಪಡಿತರ ಚೀಟಿ. ತೀರಾ ಬಡವರಿಗೆ ಅಂತ್ಯೋದಯ ಚೀಟಿ ಬೇರೆ ಇದೆ. ಉಳಿದವರದು ಆದ್ಯತೇತರ, ಅಂದರೆ ಹಳೆಯ ಎಪಿಎಲ್. ಕಾಯ್ದೆಯ ಪ್ರಕಾರ ಅಂತ್ಯೋದಯದ ಮನೆಗೆ ತಿಂಗಳಿಗೆ 35 ಕೆ.ಜಿ., ಆದ್ಯತಾ ಕುಟುಂಬದಲ್ಲಿ ತಲೆಗೆ 5 ಕೆ.ಜಿ. ಧಾನ್ಯ. ಅದರ ಮೇಲೆ ರಾಜ್ಯ ಕೊಡುವುದು ಆಗಾಗ ಬದಲಾಗುತ್ತಿರುತ್ತದೆ, ಆ ಲೆಕ್ಕ ಇಲ್ಲಿ ಬೇಡ.

ಆದೇಶವನ್ನು ಓದಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಯಾರು ಬಡವರು ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಯಾರು ಆದ್ಯತಾ ಕುಟುಂಬ ಅಲ್ಲ ಎಂದು ಮಾತ್ರ ಹೇಳುತ್ತದೆ. ಇಲಾಖೆಯವರು ಇದನ್ನು ‘ಹೊರಗಿಡುವ ಮಾನದಂಡ’ ಎನ್ನುತ್ತಾರೆ. ಅಂಥವು ಐದು: ಕಾಯಂ ನೌಕರಿ ಅಥವಾ ತೆರಿಗೆ, ಜಮೀನು, ಮನೆ, ನಾಲ್ಕು ಚಕ್ರದ ವಾಹನ, ವರ್ಷದ ಆದಾಯ. ಈ ಐದರಲ್ಲಿ ಒಂದು ತಾಗಿದರೂ ಮನೆ ಹೊರಗೆ. ನಾಲ್ಕರಲ್ಲಿ ಸರಿಯಿದ್ದು ಒಂದರಲ್ಲಿ ತಪ್ಪಿದರೆ ರಿಯಾಯಿತಿ ಇಲ್ಲ. ‘ನಮ್ಮದು ಗುಡಿಸಲು, ಆದರೂ ಕೊಡಲಿಲ್ಲ’ ಎಂದು ಹೇಳುವವರ ಪ್ರಕರಣವನ್ನು ಬಿಚ್ಚಿ ನೋಡಿದರೆ, ಮನೆ ಸರಿಯೇ ಇರುತ್ತದೆ, ಬೇರೆ ಯಾವುದೋ ಒಂದು ತಾಗಿರುತ್ತದೆ. ಹಾಗಾಗಿ ನಾವು ಹೇಳುವುದು, ಅರ್ಜಿಗೆ ಮುಂಚೆ ಐದಕ್ಕೂ ಒಂದೊಂದಾಗಿ ಉತ್ತರ ಬರೆದುಕೊಳ್ಳಿ.

ಆದಾಯದಿಂದ ಶುರು ಮಾಡುತ್ತೇವೆ. ಅತಿ ಹೆಚ್ಚು ಮನೆಗಳು ಎಡವುವುದು ಅಲ್ಲಿಯೇ.

ಮಿತಿ ವರ್ಷಕ್ಕೆ 1.20 ಲಕ್ಷ ರೂಪಾಯಿ, ಅಂದರೆ ತಿಂಗಳಿಗೆ 10,000. ಇದು ದುಡಿಯುವ ಒಬ್ಬರ ಮಿತಿಯಲ್ಲ, ಚೀಟಿಯಲ್ಲಿ ಇರುವ ಎಲ್ಲರ ದುಡಿಮೆ ಸೇರಿ. ನರಸಾಪುರ ಅಥವಾ ಮಾಲೂರಿನ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡುವ ಹುಡುಗನೊಬ್ಬನ ಸಂಬಳವೇ ಇದನ್ನು ದಾಟುತ್ತದೆ. ನಮ್ಮ ಅಭಿಪ್ರಾಯ ಕೇಳಿದರೆ, ಈ ಮಿತಿ ಇಂದಿನ ಕೂಲಿಗೆ ಹೊಂದುವುದಿಲ್ಲ. ದಿನಕ್ಕೆ 500 ರೂಪಾಯಿಯಂತೆ ವರ್ಷದಲ್ಲಿ 240 ದಿನ ಕೆಲಸ ಸಿಕ್ಕಿದರೆ ಒಬ್ಬನ ಕೂಲಿಯೇ ಸರಿಯಾಗಿ 1,20,000 ಆಗುತ್ತದೆ. ಆದರೂ ಆದೇಶ ಇರುವುದು ಹಾಗೆ. ಅದು ಇರುವ ತನಕ ಅದರ ಒಳಗೆ ನಿಜವಾಗಿ ಬರುವವರು ಕಾಗದದ ತಪ್ಪಿನಿಂದ ಹೊರಗೆ ಉಳಿಯಬಾರದು ಎಂಬುದಷ್ಟೇ ನಮ್ಮ ಕಾಳಜಿ.

ಕಾಗದದ ತಪ್ಪು ಹೇಗಾಗುತ್ತದೆ ಎಂದರೆ ಹೀಗೆ. ಪಡಿತರ ಚೀಟಿಯ ಅರ್ಜಿಯಲ್ಲಿ ಆದಾಯವನ್ನು ನೀವು ಬಾಯಲ್ಲಿ ಹೇಳಿದರೆ ಸಾಲದು. ನಾಡಕಚೇರಿಯಿಂದ ಪಡೆದ ಆದಾಯ ಪ್ರಮಾಣಪತ್ರದ ಸಂಖ್ಯೆಯನ್ನು ಕೊಡಬೇಕು. ಆ ಸಂಖ್ಯೆ RD ಎಂಬ ಅಕ್ಷರಗಳಿಂದ ಶುರುವಾಗುತ್ತದೆ, ಹಾಗಾಗಿ ಎಲ್ಲರೂ ಅದನ್ನು ಆರ್‌ಡಿ ನಂಬರ್ ಎನ್ನುತ್ತಾರೆ. ಸಂಖ್ಯೆ ಹಾಕಿದ ಕೂಡಲೇ ಪ್ರಮಾಣಪತ್ರದಲ್ಲಿರುವ ಆದಾಯ ತಂತ್ರಾಂಶಕ್ಕೆ ತಾನಾಗಿಯೇ ಬರುತ್ತದೆ. ಅದು 1.20 ಲಕ್ಷ ದಾಟಿದ್ದರೆ ಮುಂದೆ ಮಾತಿಲ್ಲ.

ನಮ್ಮ ಕುಟುಂಬಗಳಲ್ಲಿ ಬಹಳ ಮಂದಿಗೆ ಈ ಪ್ರಮಾಣಪತ್ರ ಮೊದಲೇ ಇರುತ್ತದೆ. ಮಕ್ಕಳ ವಿದ್ಯಾರ್ಥಿವೇತನಕ್ಕೆಂದು ಮಾಡಿಸಿದ್ದು, ಪ್ರವರ್ಗ 2ಬಿ ಅಡಿಯಲ್ಲಿ ಜಾತಿ ಮತ್ತು ಆದಾಯ ಎರಡೂ ಸೇರಿದ್ದು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ಕೇಂದ್ರ ವಿದ್ಯಾರ್ಥಿವೇತನಕ್ಕೆ ಇಟ್ಟಿದ್ದ ಆದಾಯ ಮಿತಿ 2 ಲಕ್ಷ. ಆ ಕಾಲಕ್ಕೆ ಯಾರೋ ‘ಎರಡು ಲಕ್ಷದ ಒಳಗಿದ್ದರೆ ಸಾಕು’ ಎಂದಿರುತ್ತಾರೆ, ಲೆಕ್ಕ ಹಾಕದೆ ಒಂದೂವರೆ ಲಕ್ಷ ಎಂದು ಬರೆಸಿರುತ್ತಾರೆ. ವಿದ್ಯಾರ್ಥಿವೇತನಕ್ಕೆ ಅದರಿಂದ ತೊಂದರೆ ಇಲ್ಲ. ಪ್ರಮಾಣಪತ್ರ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಎರಡು ವರ್ಷ ಬಿಟ್ಟು ಅದೇ ಸಂಖ್ಯೆಯನ್ನು ಪಡಿತರ ಚೀಟಿಗೆ ಕೊಟ್ಟಾಗ ಅರ್ಜಿ ನಿಲ್ಲುತ್ತದೆ.

ಒಂದು ಮನೆಯ ಲೆಕ್ಕವನ್ನು ಉದಾಹರಣೆಗೆ ಮಾಡಿ ನೋಡೋಣ. ಕೋಲಾರದಲ್ಲಿ ಬಾಡಿಗೆ ಮನೆ, ಗಂಡ ಹೆಂಡತಿ, ಪಿಯುಸಿ ಓದುವ ಮಗ, ಎಂಟನೇ ತರಗತಿಯ ಮಗಳು ಎಂದುಕೊಳ್ಳಿ. ಗಂಡ ಎಪಿಎಂಸಿ ಟೊಮ್ಯಾಟೊ ಮಂಡಿಯಲ್ಲಿ ಬಾಕ್ಸ್ ಹೊರುತ್ತಾನೆ. ಮಾಲು ಹೆಚ್ಚು ಬರುವ ಐದು ತಿಂಗಳು ತಿಂಗಳಿಗೆ 20 ದಿನದಂತೆ, ದಿನಕ್ಕೆ 600 ಸಿಗುತ್ತದೆ, ಒಟ್ಟು 60,000. ಉಳಿದ ಏಳು ತಿಂಗಳು ಗಾರೆ ಕೆಲಸ, ತಿಂಗಳಿಗೆ ಹತ್ತು ದಿನವಷ್ಟೇ, ದಿನಕ್ಕೆ 500, ಒಟ್ಟು 35,000. ಹೆಂಡತಿ ಮನೆಯಲ್ಲಿ ಹೊಲಿಗೆಯಿಂದ ತಿಂಗಳಿಗೆ 1,500ರಂತೆ ವರ್ಷಕ್ಕೆ 18,000 ತರುತ್ತಾಳೆ. ಮಗ ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಅಂಗಡಿಯಲ್ಲಿ ನಿಂತು 4,000 ತರುತ್ತಾನೆ. ಎಲ್ಲ ಸೇರಿ 1,17,000. ಮಿತಿಯ ಒಳಗೇ ಇದ್ದಾರೆ.

ಆದರೆ ಇವರ ಕೈಯಲ್ಲಿರುವ ಹಳೆಯ ಪ್ರಮಾಣಪತ್ರದಲ್ಲಿ 1,44,000 ಎಂದಿದೆ. ಹೇಗೆ ಬಂತು? ‘ತಿಂಗಳಿಗೆ ಎಷ್ಟು ದುಡೀತೀಯ’ ಎಂದು ಕೇಳಿದಾಗ ಗಂಡ ಮಂಡಿಯ ಸೀಸನ್ನಿನ ತಿಂಗಳನ್ನು ನೆನೆದು 12,000 ಎಂದ. ಬರೆದುಕೊಂಡವರು ಅದನ್ನು ಹನ್ನೆರಡರಿಂದ ಗುಣಿಸಿದರು. ಇಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಸೀಸನ್ ಕೆಲಸವನ್ನು ತಿಂಗಳ ಸಂಬಳದಂತೆ ಹೇಳಿದ್ದೇ ತೊಡಕು. ಶ್ರೀನಿವಾಸಪುರದ ಮಾವಿನ ಕೂಲಿಯವರಿಗೂ, ಮಾಲೂರಿನ ಇಟ್ಟಿಗೆ ಗೂಡುಗಳ ಕೆಲಸದವರಿಗೂ ಇದೇ ಆಗುತ್ತದೆ.

ಈ ಮನೆಯವರು ಮಾಡಬೇಕಾದ್ದು ಹೊಸ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ. ಮೇಲಿನ ಲೆಕ್ಕವನ್ನೇ ಒಂದು ಹಾಳೆಯಲ್ಲಿ, ಯಾವ ತಿಂಗಳು ಯಾವ ಕೆಲಸ, ಎಷ್ಟು ದಿನ, ಎಷ್ಟು ಕೂಲಿ ಎಂದು ಬರೆದುಕೊಂಡು ಹೋಗಲಿ. ಗ್ರಾಮ ಆಡಳಿತ ಅಧಿಕಾರಿ, ಅಂದರೆ ನಾವು ಹಿಂದೆ ವಿಎ ಎನ್ನುತ್ತಿದ್ದವರು, ವಿಚಾರಣೆಗೆ ಬಂದಾಗ ಮನೆಯಲ್ಲಿ ಇರುವ ಯಾರೇ ಆಗಲಿ ಅದೇ ಲೆಕ್ಕ ಹೇಳುವಂತಿರಬೇಕು. ಅವರ ವರದಿ ರಾಜಸ್ವ ನಿರೀಕ್ಷಕರಿಗೆ ಹೋಗಿ, ಅಲ್ಲಿಂದ ತಹಶೀಲ್ದಾರ್ ಮಂಜೂರು ಮಾಡುತ್ತಾರೆ. ಹೊಸ ಆರ್‌ಡಿ ನಂಬರ್ ಬಂದ ಮೇಲೆಯೇ ಪಡಿತರ ಚೀಟಿಯ ಅರ್ಜಿ. ಒಂದು ಮಾತನ್ನು ಖಡಾಖಂಡಿತವಾಗಿ ಹೇಳುತ್ತೇವೆ: ನಿಜವಾದ ಆದಾಯ 1.40 ಲಕ್ಷ ಇದ್ದರೆ 1.15 ಎಂದು ಬರೆಸಿಕೊಡುತ್ತೇವೆ ಎನ್ನುವ ಏಜೆಂಟರ ಬಳಿ ಹೋಗಬೇಡಿ. ಪಿಎಫ್, ಇಎಸ್‌ಐ ಕಡಿತವಾಗುವ ಸಂಬಳವನ್ನು ಮುಚ್ಚಿಡಲು ಆಗುವುದಿಲ್ಲ. ಸಿಕ್ಕಿಬಿದ್ದರೆ ಚೀಟಿ ರದ್ದಾಗುವುದರ ಜೊತೆಗೆ ಮಕ್ಕಳ ವಿದ್ಯಾರ್ಥಿವೇತನಕ್ಕೆ ಕೊಟ್ಟ ಪ್ರಮಾಣಪತ್ರವೂ ಅನುಮಾನಕ್ಕೆ ಬರುತ್ತದೆ. ಅಂಥವರು ಆದ್ಯತೇತರ ಚೀಟಿಗೆ ಹಾಕಲಿ.

ಇನ್ನು ತೆರಿಗೆ. ಆದೇಶದ ಮಾತು ಹೀಗಿದೆ: ಸರ್ಕಾರದ, ಅನುದಾನಿತ ಸಂಸ್ಥೆಗಳ, ಮಂಡಳಿ ನಿಗಮಗಳ ಕಾಯಂ ನೌಕರರು ಮತ್ತು ಆದಾಯ ತೆರಿಗೆ, ಸೇವಾ ತೆರಿಗೆ, ವ್ಯಾಟ್ ಅಥವಾ ವೃತ್ತಿ ತೆರಿಗೆ ಕಟ್ಟುವ ಕುಟುಂಬಗಳು ಹೊರಗೆ. ಮಸೀದಿಯ ಇಮಾಮರು, ಮೌಜನ್ನರು, ಖಾಸಗಿ ಶಾಲೆಯ ಆಯಾ, ಇವರು ಕಾಯಂ ಸರ್ಕಾರಿ ನೌಕರರಲ್ಲ. ಅವರಿಗೆ ಆದಾಯದ ಮಿತಿಯಷ್ಟೇ ನೋಡಬೇಕು. ಗೊಂದಲ ಇರುವುದು ‘ಐಟಿ ರಿಟರ್ನ್ಸ್’ ಹಾಕಿದವರ ವಿಷಯದಲ್ಲಿ. ಗೂಡ್ಸ್ ಆಟೊಗೋ ಅಂಗಡಿಗೋ ಸಾಲ ಬೇಕಾದಾಗ ಬ್ಯಾಂಕಿನವರು ಎರಡು ವರ್ಷದ ರಿಟರ್ನ್ಸ್ ಕೇಳುತ್ತಾರೆ. ಯಾರೋ ಆಡಿಟರ್ ಮೂರೂವರೆ ಲಕ್ಷ ಆದಾಯ ತೋರಿಸಿ, ತೆರಿಗೆ ಸೊನ್ನೆ ಎಂದು ಹಾಕಿಕೊಡುತ್ತಾರೆ. ತೆರಿಗೆಯನ್ನೇನೋ ಕಟ್ಟಿಲ್ಲ, ಆದರೆ ಪ್ಯಾನ್ ಮತ್ತು ಆಧಾರ್ ಜೋಡಣೆಯಾಗಿರುವುದರಿಂದ ಆ ದಾಖಲೆ ಪಡಿತರದ ಪರಿಶೀಲನೆಯಲ್ಲಿ ಎದುರಾಗುತ್ತದೆ. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಚೀಟಿಗಳು ರದ್ದಾದಾಗ ಎದ್ದ ಗದ್ದಲದಲ್ಲಿ ಇಂಥವರ ದೂರುಗಳೂ ಇದ್ದವು. ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಚೀಟಿ ಮರಳಿಸಿ ಎಂದು ಆಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸೂಚಿಸಿದರು. ಆದ್ದರಿಂದ ‘ಕಟ್ಟಿಲ್ಲ’ ಎಂಬುದು ಹಿಡಿದು ನಿಲ್ಲಬಹುದಾದ ವಾದವೇ. ಆದರೆ ರಿಟರ್ನ್ಸ್‌ನಲ್ಲಿ ತೋರಿಸಿದ ಮೂರೂವರೆ ಲಕ್ಷ ಆದಾಯದ ಮಿತಿಯನ್ನು ತಾಗುತ್ತದೆ ಎಂಬುದನ್ನು ಮರೆಯಬೇಡಿ. ಸಾಲಕ್ಕೆಂದು ಇಲ್ಲದ ಆದಾಯ ತೋರಿಸುವ ಮುನ್ನ ಅದರ ಬೆಲೆ ಏನೆಂದು ಮನೆಯಲ್ಲಿ ಕೂತು ಯೋಚಿಸಿ.

ವಾಹನದ ವಿಷಯ ಅದಕ್ಕಿಂತ ಸರಳ. ಆಟೊರಿಕ್ಷಾಕ್ಕೆ ಮೂರು ಚಕ್ರ, ಅದು ಲೆಕ್ಕಕ್ಕಿಲ್ಲ. ನಾಲ್ಕು ಚಕ್ರದ್ದಾದರೂ, ಹೊಟ್ಟೆಪಾಡಿಗೆ ಸ್ವತಃ ಓಡಿಸುವ ಒಂದು ವಾಣಿಜ್ಯ ವಾಹನಕ್ಕೆ, ಅಂದರೆ ಟ್ರ್ಯಾಕ್ಟರ್, ಮ್ಯಾಕ್ಸಿಕ್ಯಾಬ್, ಟ್ಯಾಕ್ಸಿ ಇಂಥದ್ದಕ್ಕೆ ಆದೇಶವೇ ವಿನಾಯಿತಿ ಕೊಟ್ಟಿದೆ. ಟೊಮ್ಯಾಟೊ, ತರಕಾರಿ ಸಾಗಿಸುವ ಹಳದಿ ಬೋರ್ಡಿನ ಸಣ್ಣ ಗೂಡ್ಸ್ ಗಾಡಿಯನ್ನು ತಾನೇ ಓಡಿಸುವವನೂ ಇದರಲ್ಲಿ ಬರುತ್ತಾನೆ. ‘ಒಂದು’ ಮತ್ತು ‘ಸ್ವತಃ’ ಎಂಬ ಎರಡೂ ಪದಗಳಿಗೆ ಗಮನ ಕೊಡಿ. ಎರಡು ಗಾಡಿ ಇಟ್ಟು ಡ್ರೈವರ್ ಇಟ್ಟವರಿಗೆ ಇದು ಸಲ್ಲದು. ಬಿಳಿ ಬೋರ್ಡಿನ ಕಾರು ಎಷ್ಟೇ ಹಳೆಯದಾದರೂ, ಮನೆ ಮುಂದೆ ತುಕ್ಕು ಹಿಡಿದು ನಿಂತಿದ್ದರೂ ತಾಗುತ್ತದೆ. ನಿಜವಾದ ಪೇಚು ಮಾರಿದ ಕಾರಿನದು. ನಾಲ್ಕು ವರ್ಷದ ಹಿಂದೆ ಮಾರಿ, ಹಣ ತೆಗೆದುಕೊಂಡು, ಆರ್‌ಸಿ ವರ್ಗಾವಣೆ ಮಾಡಿಸದೆ ಬಿಟ್ಟಿದ್ದರೆ ಆರ್‌ಟಿಒ ದಾಖಲೆಯಲ್ಲಿ ಕಾರು ಇನ್ನೂ ನಿಮ್ಮದೇ. ಫಾರಂ 29 ಮತ್ತು 30 ಕೊಟ್ಟು ಅದನ್ನು ಕೊಂಡವರ ಹೆಸರಿಗೆ ಮಾಡಿಸಿದ ಮೇಲೆಯೇ ಅರ್ಜಿ ಹಾಕಿ.

ಮನೆಯ ಮಿತಿ ನಗರ ಪ್ರದೇಶಕ್ಕೆ ಮಾತ್ರ: ಸ್ವಂತದ ಪಕ್ಕಾ ಮನೆ 1000 ಚದರ ಅಡಿಗಿಂತ ದೊಡ್ಡದಿರಬಾರದು. ಬಾಡಿಗೆಯವರಿಗೆ ಇದು ಅನ್ವಯಿಸುವುದಿಲ್ಲ. ಮೂವತ್ತು-ನಲವತ್ತರ ನಿವೇಶನ 1200 ಚದರ ಅಡಿ ಎಂದು ಹೆದರುವವರಿದ್ದಾರೆ. ಆದೇಶ ಹೇಳುವುದು ಮನೆಯ ವಿಸ್ತೀರ್ಣ, ನಿವೇಶನದ್ದಲ್ಲ. ಆಸ್ತಿ ತೆರಿಗೆಯ ರಸೀದಿಯಲ್ಲಿ ಕಟ್ಟಡದ ಅಳತೆ ಬೇರೆ ಇರುತ್ತದೆ, ಅದನ್ನು ನೋಡಿಕೊಳ್ಳಿ.

ಜಮೀನು ಹಳ್ಳಿಯವರಿಗೆ. 3 ಹೆಕ್ಟೇರ್ ಒಣಭೂಮಿ, ನಮ್ಮ ಲೆಕ್ಕದಲ್ಲಿ ಸುಮಾರು 7 ಎಕರೆ 16 ಗುಂಟೆ, ಅಥವಾ ಅದಕ್ಕೆ ಸಮನಾದ ನೀರಾವರಿ ಭೂಮಿ. ನಮ್ಮ ಕುಟುಂಬಗಳಲ್ಲಿ ಅಷ್ಟು ಜಮೀನಿರುವವರು ವಿರಳ. ಆದರೆ ತಾತನ ಹೆಸರಿನ ಪಹಣಿ ಪೌತಿ ಖಾತೆಯಾಗಿ, ವಿಭಾಗವಾಗದೆ ನಾಲ್ವರು ಮಕ್ಕಳ ಹೆಸರಿಗೆ ಜಂಟಿಯಾಗಿ ಬಂದಿದ್ದರೆ, ಒಬ್ಬೊಬ್ಬರ ಹೆಸರಿನಲ್ಲೂ ಇಡೀ ಜಮೀನು ಕಾಣಿಸಬಹುದು. ಪಹಣಿಯ ಜೊತೆಗೆ ಎಷ್ಟು ಮಂದಿ ಹಕ್ಕುದಾರರು ಎಂಬ ಕಾಗದ ಕೊಟ್ಟು, ನಿಮ್ಮ ಪಾಲು ಎಷ್ಟೆಂದು ಆಹಾರ ನಿರೀಕ್ಷಕರಿಗೆ ಲಿಖಿತವಾಗಿ ತಿಳಿಸಿ.

ಐದೂ ಸರಿಯಿದ್ದರೂ ಮೊದಲ ಸಲದವರ ಅರ್ಜಿ ನಿಲ್ಲುವ ಇನ್ನೊಂದು ಜಾಗ ಇದೆ. ಒಂದು ಆಧಾರ್ ಒಂದೇ ಚೀಟಿಯಲ್ಲಿ ಇರಬಹುದು. ಮದುವೆಯಾಗಿ ಬೇರೆಯಾದ ಮಗನ ಹೆಸರು ಅಪ್ಪನ ಚೀಟಿಯಲ್ಲಿ, ಸೊಸೆಯ ಹೆಸರು ಅವಳ ತವರಿನ ಚೀಟಿಯಲ್ಲಿ ಹಾಗೇ ಇರುತ್ತದೆ. ತಲೆಗೆ 5 ಕೆ.ಜಿ. ಕಡಿಮೆಯಾಗುತ್ತದೆ ಎಂದು ಹಿರಿಯರು ತೆಗೆಸಲು ಒಪ್ಪುವುದಿಲ್ಲ. ಮನೆಯ ಒಳಗೇ ಮಾತಾಡಿ ಬಗೆಹರಿಸಬೇಕಾದ ವಿಷಯ ಇದು, ಬಗೆಹರಿಯದಿದ್ದರೆ ಜಮಾತಿನ ಹಿರಿಯರು ಕೂತು ಹೇಳಲಿ. ಎರಡೂ ಕಡೆ ಹೆಸರು ತೆಗೆಸದೆ ಹೊಸ ಚೀಟಿ ಆಗುವುದಿಲ್ಲ.

ಹೆಸರಿನ ಕಾಗುಣಿತವೂ ಒಂದು ಕಾಟ. ಆಧಾರಿನಲ್ಲಿ ‘ಮೊಹಮ್ಮದ್’, ಪ್ರಮಾಣಪತ್ರದಲ್ಲಿ ‘ಮಹಮದ್’. ಆಧಾರಿನಲ್ಲಿ ‘ಬೇಗಂ’, ಶಾಲೆಯ ದಾಖಲೆಯಲ್ಲಿ ‘ಬೀ’. ಒಂದಕ್ಷರದ ವ್ಯತ್ಯಾಸಕ್ಕೆ ಅರ್ಜಿ ತಿಂಗಳುಗಟ್ಟಲೆ ನಿಲ್ಲಬಹುದು. ನಾಡಕಚೇರಿಗೆ ಹೋಗುವ ಮುನ್ನವೇ ಆಧಾರನ್ನು ಸರಿಪಡಿಸಿಕೊಂಡು, ಅದರಲ್ಲಿರುವಂತೆಯೇ ಪ್ರಮಾಣಪತ್ರ ಮಾಡಿಸಿಕೊಂಡರೆ ಎರಡು ಸಲ ಅಲೆಯುವುದು ತಪ್ಪುತ್ತದೆ. ಮಕ್ಕಳ ಆಧಾರ್ ಬಯೊಮೆಟ್ರಿಕ್ ನವೀಕರಣವಾಗಿದೆಯೇ ಎಂದೂ ನೋಡಿ.

ಚೀಟಿಯಲ್ಲಿ ಕುಟುಂಬದ ಮುಖ್ಯಸ್ಥರು ಹೆಣ್ಣುಮಕ್ಕಳೇ ಆಗಿರಬೇಕು. 18 ವರ್ಷ ದಾಟಿದವರಲ್ಲಿ ಹಿರಿಯಳು ಎಂದು ಕಾಯ್ದೆಯ 13ನೇ ಕಲಂ ಹೇಳುತ್ತದೆ. ಗಂಡ ಬಿಟ್ಟುಹೋದ ಅಥವಾ ಗಂಡ ತೀರಿಕೊಂಡ ತಾಯಂದಿರು ‘ಯಜಮಾನರ ಆಧಾರ್ ಇಲ್ಲದೆ ಆಗುವುದಿಲ್ಲವಂತೆ’ ಎಂದು ಹಿಂದೆ ಸರಿಯುತ್ತಾರೆ. ಹಾಗೇನೂ ಇಲ್ಲ. ತಾಯಿ ಮತ್ತು ಮಕ್ಕಳೇ ಒಂದು ಕುಟುಂಬ.

ಕೊನೆಗೆ ಅರ್ಜಿ. ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರದಲ್ಲಿ ಹಾಕಬಹುದು, ಮನೆಯವರೆಲ್ಲರ ಆಧಾರ್, ಆರ್‌ಡಿ ನಂಬರ್ ಮತ್ತು ಆಧಾರಿಗೆ ಜೋಡಿಸಿದ ಮೊಬೈಲ್ ಬೇಕು, ಬೆರಳಚ್ಚು ಕೊಡಬೇಕು. ತೊಂದರೆ ಏನೆಂದರೆ ಹೊಸ ಆದ್ಯತಾ ಚೀಟಿಯ ಅರ್ಜಿ ಯಾವಾಗಲೂ ತೆರೆದಿರುವುದಿಲ್ಲ. ಕೇಂದ್ರ ನಿಗದಿ ಮಾಡಿದ ಸಂಖ್ಯೆಯ ಒಳಗೇ ರಾಜ್ಯ ಚೀಟಿ ಕೊಡಬೇಕಾಗಿರುವುದರಿಂದ ಆಗಾಗ ತೆರೆದು ಮುಚ್ಚುತ್ತಾರೆ, ಕೆಲವೊಮ್ಮೆ ದಿನದಲ್ಲಿ ಕೆಲವೇ ಗಂಟೆ. ಅಸಂಘಟಿತ ಕಾರ್ಮಿಕರಾಗಿ ಇ-ಶ್ರಮ್‌ನಲ್ಲಿ ನೋಂದಾಯಿಸಿಕೊಂಡವರಿಗೆ ಚೀಟಿ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದೆ. ಹಾಗಾಗಿ ಹಮಾಲಿ, ಗಾರೆ, ಬೀಡಿ, ಹೊಲಿಗೆ ಕೆಲಸದವರು ಇ-ಶ್ರಮ್ ನೋಂದಣಿಯನ್ನು ಈಗಲೇ ಮಾಡಿಸಿಟ್ಟುಕೊಳ್ಳಲಿ. ಬಾಗಿಲು ತೆರೆದ ದಿನ ಕಾಗದ ಹುಡುಕುತ್ತ ಕೂತರೆ ಅಷ್ಟರಲ್ಲಿ ಮುಚ್ಚಿರುತ್ತದೆ.

ಅರ್ಜಿ ಹಾಕಿದಾಗ ಬರುವ ಸ್ವೀಕೃತಿಯನ್ನು ಕಳೆದುಕೊಳ್ಳಬೇಡಿ. ತಿರಸ್ಕೃತವಾದರೆ ತಾಲ್ಲೂಕು ಕಚೇರಿಯ ಆಹಾರ ಶಾಖೆಯಲ್ಲಿ ಆ ಸಂಖ್ಯೆ ತೋರಿಸಿ, ಐದರಲ್ಲಿ ಯಾವುದರಿಂದ ಎಂದು ಲಿಖಿತವಾಗಿ ಕೇಳಿ. ‘ಸಿಸ್ಟಂ ತಗೊಳ್ತಿಲ್ಲ’ ಎಂಬುದು ಕಾರಣವಲ್ಲ. ಉತ್ತರ ಬಾರದಿದ್ದರೆ 1967 ಸಹಾಯವಾಣಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದರ ಮೇಲೆ ಕಾಯ್ದೆಯಡಿ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿ ಮತ್ತು ರಾಜ್ಯ ಆಹಾರ ಆಯೋಗ ಇವೆ. ನಮ್ಮ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಚೀಟಿಯ ಜಾಗವನ್ನು ಖಾಲಿ ಬಿಡುವ ಬದಲು, ಅರ್ಜಿ ಹಾಕಿದ ದಿನಾಂಕ ಮತ್ತು ಈ ಸ್ವೀಕೃತಿ ಸಂಖ್ಯೆಯನ್ನು ಬರೆದರೆ ಸಾಕು. ಇನ್ನೂ ಹಾಕಿಲ್ಲವಾದರೆ ಐದರಲ್ಲಿ ಯಾವುದು ತಾಗುತ್ತದೆ ಎಂದು ಬರೆಯಿರಿ, ಸಂದರ್ಶನದ ದಿನ ಆ ಕಾಗದಗಳನ್ನೂ ತನ್ನಿ.